ಉತ್ತರ ಧ್ರುವಕ್ಕೂ ಅಂಟಾರ್ಕ್ಟಿಕ್ ಒಪ್ಪಂದದಂಥದ್ದು ಏಕಿಲ್ಲ?

ಸಮಾಜ ವಿಜ್ಞಾನ ಶಿಕ್ಷಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಯಲ್ಲಿ ಧ್ರುವ ಪ್ರದೇಶಗಳ ಬಗ್ಗೆ ಮಾತು ಬಂದಾಗ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನಗೇ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಭೂಗೋಳದ ಮೇಲೂ ಕೆಳಗೂ ಒಂದೇ ರೀತಿಯ ಬಿಳಿ ಬಣ್ಣವಿದೆ. ದಕ್ಷಿಣದಲ್ಲಿ ಯಾವ ದೇಶವೂ ಗಣಿ ತೋಡುವಂತಿಲ್ಲ, ಸೈನ್ಯ ಇಡುವಂತಿಲ್ಲ. ಉತ್ತರದಲ್ಲಿ ಮಾತ್ರ 2007ರಲ್ಲಿ ರಷ್ಯಾ ಧ್ರುವದ ಸಮುದ್ರತಳಕ್ಕೇ ಹೋಗಿ ತನ್ನ ಬಾವುಟ ನೆಟ್ಟು ಬಂದಿತು. ಈ ವ್ಯತ್ಯಾಸ ಏಕೆ? ಉತ್ತರದ ದೇಶಗಳಿಗೆ ಆಸೆ ಹೆಚ್ಚು ಎಂದಷ್ಟೇ ಹೇಳಿ ಮುಗಿಸಬಹುದೇ, ಅಥವಾ ನೆಲದ ಸ್ವರೂಪದಲ್ಲೇ ಕಾರಣವಿದೆಯೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಕೆಎಎಸ್ ಅಭ್ಯರ್ಥಿ, ಕಲಬುರಗಿ

ಮೇಡಂ, ಪರೀಕ್ಷೆಗೆ ಓದುತ್ತಿರುವುದರಿಂದ ಇದು ನನಗೆ ಪರಿಚಿತ ವಿಷಯ. ಅಂಟಾರ್ಕ್ಟಿಕ್ ಒಪ್ಪಂದಕ್ಕೆ 1959ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದವು. ಅದರಿಂದಾಗಿ ಆ ಖಂಡದ ಮೇಲೆ ದೇಶಗಳು ಮಂಡಿಸಿದ್ದ ಹಕ್ಕುಗಳೆಲ್ಲ ರದ್ದಾದವು. ಉತ್ತರದಲ್ಲಿ ಅದಕ್ಕೆ ಸಮಾನವಾಗಿ 1996ರಲ್ಲಿ ಆರ್ಕ್ಟಿಕ್ ಕೌನ್ಸಿಲ್ ಒಪ್ಪಂದವಾಯಿತು. ಆದ್ದರಿಂದ ಎರಡೂ ಕಡೆ ಒಪ್ಪಂದವಿದೆ, ಒಂದು ಬಿಗಿ, ಇನ್ನೊಂದು ಸಡಿಲ ಎಂದು ಹೇಳಬಹುದು. ಅಲ್ಲದೆ ಅಂಟಾರ್ಕ್ಟಿಕ್ ಒಪ್ಪಂದ 2048ಕ್ಕೆ ಮುಗಿಯುತ್ತದೆ, ಆಮೇಲೆ ಅಲ್ಲಿಯೂ ಗಣಿಗಾರಿಕೆ ಶುರುವಾಗುತ್ತದೆ. ಉತ್ತರ ಧ್ರುವದ ಮಂಜುಗಡ್ಡೆ ಅಷ್ಟರಲ್ಲಿ ಕರಗಿ ಮಂಗಳೂರಿನಂಥ ಊರುಗಳು ಮುಳುಗುವ ಅಪಾಯವೂ ಇದೆ.

ನಿವೃತ್ತ ಭೂವಿಜ್ಞಾನಿ, ಗೋವಾ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಆ ಬಿಳಿ ಬಣ್ಣದ ಕೆಳಗೇ ಇದೆ. ಕಲಬುರಗಿಯ ಗೆಳೆಯರು ಹೇಳಿದ ದಿನಾಂಕಗಳು ಸರಿಯಾಗಿವೆ. ಆದರೆ ಅವರ ಕೆಲವು ಮಾತುಗಳನ್ನು ತಿದ್ದಬೇಕಾಗಿದೆ. ಅವುಗಳನ್ನು ತಿದ್ದುತ್ತಲೇ ಉತ್ತರಕ್ಕೆ ಬರುತ್ತೇನೆ.

ಮೊದಲು ನೆಲದ ವಿಷಯ. ಆರ್ಕ್ಟಿಕ್ ಮಹಾಸಾಗರದ ವಿಸ್ತೀರ್ಣವೂ ಅಂಟಾರ್ಕ್ಟಿಕಾ ಖಂಡದ ವಿಸ್ತೀರ್ಣವೂ ಹೆಚ್ಚುಕಡಿಮೆ ಒಂದೇ, ಸುಮಾರು 1.4 ಕೋಟಿ ಚದರ ಕಿಲೋಮೀಟರು. ಒಂದು ನೆಲದಿಂದ ಸುತ್ತುವರಿದ ಸಮುದ್ರ, ಇನ್ನೊಂದು ಸಮುದ್ರದಿಂದ ಸುತ್ತುವರಿದ ನೆಲ. ಉತ್ತರ ಧ್ರುವದಲ್ಲಿ ನಿಂತವನ ಕಾಲ ಕೆಳಗೆ ಕೆಲವು ಮೀಟರು ದಪ್ಪದ ತೇಲುವ ಮಂಜುಗಡ್ಡೆ, ಅದರ ಕೆಳಗೆ 4,000 ಮೀಟರಿಗೂ ಹೆಚ್ಚು ಆಳದ ನೀರು. ದಕ್ಷಿಣ ಧ್ರುವದಲ್ಲಿ ನಿಂತವನು ಸಮುದ್ರಮಟ್ಟದಿಂದ 2,800 ಮೀಟರಿಗೂ ಮೇಲಿರುತ್ತಾನೆ. ಅವನ ಕೆಳಗೆ ಸುಮಾರು 2,700 ಮೀಟರು ದಪ್ಪದ ಮಂಜುಗಡ್ಡೆ, ಅದರಡಿಯಲ್ಲಿ ಬಂಡೆ.

ಮಂಗಳೂರಿನ ಮಾತು ಇಲ್ಲಿಯೇ ಬಗೆಹರಿಯುತ್ತದೆ. ತೇಲುತ್ತಿರುವ ಮಂಜುಗಡ್ಡೆ ತನ್ನ ತೂಕದಷ್ಟು ನೀರನ್ನು ಈಗಾಗಲೇ ಪಕ್ಕಕ್ಕೆ ಸರಿಸಿರುವುದರಿಂದ ಅದು ಕರಗಿದರೆ ಸಮುದ್ರಮಟ್ಟ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಉತ್ತರದಲ್ಲಿ ನಾವು ಆತಂಕಪಡಬೇಕಾದದ್ದು ಗ್ರೀನ್‌ಲ್ಯಾಂಡಿನ ನೆಲದ ಮೇಲಿರುವ ಹಿಮರಾಶಿಗೆ. ಅದು ಪೂರ್ತಿ ಕರಗಿದರೆ ಸಮುದ್ರಮಟ್ಟ 7 ಮೀಟರಿಗೂ ಹೆಚ್ಚು ಏರುತ್ತದೆ. ಅಂಟಾರ್ಕ್ಟಿಕಾದಲ್ಲಿ ಇರುವ ಮಂಜುಗಡ್ಡೆ ಸಮುದ್ರಮಟ್ಟವನ್ನು ಸುಮಾರು 58 ಮೀಟರು ಏರಿಸುವಷ್ಟಿದೆ. ಅಷ್ಟೂ ಕರಗಲು ಸಾವಿರಾರು ವರ್ಷಗಳೇ ಬೇಕು. ಆದರೆ ಅದರ ಅಂಚುಗಳಲ್ಲಿ ಆಗುವ ಸಣ್ಣ ಪಾಲಿನ ನಷ್ಟವೂ ಕರಾವಳಿಗೆ ಸಣ್ಣದಲ್ಲ. ತೇಲುವ ಮಂಜುಗಡ್ಡೆ ಕರಗುವುದು ಬೇರೆ ದಾರಿಯಲ್ಲಿ ಕೆಡುಕು ಮಾಡುತ್ತದೆ. ಬಿಳಿ ಮೇಲ್ಮೈ ಹೋಗಿ ಕಪ್ಪು ನೀರು ತೆರೆದುಕೊಂಡಾಗ ಸಮುದ್ರವು ಬಿಸಿಲನ್ನು ಹೀರಿ ಇನ್ನಷ್ಟು ಕಾಯುತ್ತದೆ.

ಈಗ ಕಾನೂನಿಗೆ ಬರೋಣ. ಸಮುದ್ರವೆಂದ ಮೇಲೆ ಅದಕ್ಕೆ ಸಮುದ್ರದ ಕಾನೂನು ಅನ್ವಯಿಸುತ್ತದೆ. ದಡದಲ್ಲಿ ರಷ್ಯಾ, ಕೆನಡಾ, ನಾರ್ವೆ, ಅಮೆರಿಕ, ಗ್ರೀನ್‌ಲ್ಯಾಂಡಿನ ಮೂಲಕ ಡೆನ್ಮಾರ್ಕ್ ಇವೆ. ಆ ದಡಗಳಲ್ಲಿ ಜನ ಸಾವಿರಾರು ವರ್ಷಗಳಿಂದ ಬದುಕಿದ್ದಾರೆ. ಪ್ರತಿ ದೇಶಕ್ಕೂ ತನ್ನ ದಡದಿಂದ 200 ನಾಟಿಕಲ್ ಮೈಲುಗಳವರೆಗೆ ಮೀನು, ತೈಲ, ಅನಿಲಗಳ ಮೇಲೆ ಹಕ್ಕಿದೆ, ಬಂಗಾಳ ಕೊಲ್ಲಿಯಲ್ಲಿ ಭಾರತಕ್ಕೆ ಇರುವಂತೆಯೇ. 2008ರಲ್ಲಿ ಈ ಐದೂ ದೇಶಗಳು ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್‌ನಲ್ಲಿ ಸೇರಿ, ಸಮುದ್ರದ ಕಾನೂನು ಸಾಕು, ಆರ್ಕ್ಟಿಕ್‌ಗೆ ಹೊಸದೊಂದು ಸಮಗ್ರ ಕಾನೂನು ವ್ಯವಸ್ಥೆ ಬೇಡ ಎಂದು ಘೋಷಿಸಿದವು. ರಷ್ಯಾದ ಬಾವುಟಕ್ಕೆ ಕಾನೂನಿನ ತೂಕ ಏನೂ ಇಲ್ಲ. ತೂಕ ಇರುವುದು ಲೊಮೊನೊಸೊವ್ ಎಂಬ ಸಮುದ್ರದೊಳಗಿನ ಬೆಟ್ಟಸಾಲು ತನ್ನ ಭೂಖಂಡದ ಮುಂದುವರಿಕೆ ಎಂದು ತೋರಿಸಲು ರಷ್ಯಾ ವಿಶ್ವಸಂಸ್ಥೆಯ ಆಯೋಗಕ್ಕೆ ಸಲ್ಲಿಸಿರುವ ಭೂವೈಜ್ಞಾನಿಕ ದಾಖಲೆಗಳಿಗೆ. ಅದೇ ಬೆಟ್ಟಸಾಲಿನ ಬಗ್ಗೆ ಡೆನ್ಮಾರ್ಕ್ ಮತ್ತು ಕೆನಡಾ ಸಹ ದಾಖಲೆ ಸಲ್ಲಿಸಿವೆ.

ಆರ್ಕ್ಟಿಕ್ ಕೌನ್ಸಿಲ್ ಒಪ್ಪಂದವೇ ಅಲ್ಲ. ಅದು ಘೋಷಣೆಯೊಂದರಿಂದ ಹುಟ್ಟಿದ, ಎಂಟು ದೇಶಗಳು ಮತ್ತು ಆರು ಮೂಲನಿವಾಸಿ ಸಂಘಟನೆಗಳು ಕೂತು ಮಾತನಾಡುವ ವೇದಿಕೆ. ಸೈನ್ಯದ ವಿಷಯ ಅಲ್ಲಿ ಚರ್ಚೆಗೇ ಬರಬಾರದು ಎಂದು ಆರಂಭದಲ್ಲಿಯೇ ಬರೆದುಕೊಂಡಿದ್ದಾರೆ. 2048ರ ವಿಷಯವನ್ನು ಮುಂದೆ ಬರೆಯುತ್ತೇನೆ, ಅದಕ್ಕೆ ಸ್ವಲ್ಪ ಜಾಗ ಬೇಕು.

ಕೆಎಎಸ್ ಅಭ್ಯರ್ಥಿ, ಕಲಬುರಗಿ

ಧನ್ಯವಾದಗಳು ಸರ್. ಆದರೆ ಅಂಟಾರ್ಕ್ಟಿಕಾದಲ್ಲಿ ಹಕ್ಕುಗಳು ರದ್ದಾಗಿವೆ ಎಂಬ ಮಾತು ಸರಿ ತಾನೇ? ಇಲ್ಲದಿದ್ದರೆ ಅಲ್ಲಿನ ನಮ್ಮ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳನ್ನು ಯಾರ ಅನುಮತಿ ಪಡೆದು ಕಟ್ಟಿದೆವು?

ನಿವೃತ್ತ ಭೂವಿಜ್ಞಾನಿ, ಗೋವಾ

ಬಹಳ ಒಳ್ಳೆಯ ಕಡೆಗೆ ಬಂದಿರಿ. ಹಕ್ಕುಗಳು ರದ್ದಾಗಿಲ್ಲ. ಬ್ರಿಟನ್, ಅರ್ಜೆಂಟೀನಾ, ಚಿಲಿ, ನಾರ್ವೆ, ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂಬ ಏಳು ದೇಶಗಳು ಖಂಡದ ಬೇರೆ ಬೇರೆ ಹೋಳುಗಳು ತಮ್ಮವೆಂದು ಹೇಳಿದ್ದವು, ಇಂದಿಗೂ ಹೇಳುತ್ತವೆ. ಮೊದಲ ಮೂರರ ಹೋಳುಗಳು ಒಂದರ ಮೇಲೊಂದು ಬಿದ್ದಿವೆ. ಒಪ್ಪಂದದ ನಾಲ್ಕನೆಯ ವಿಧಿ ಮಾಡಿದ್ದು ಇಷ್ಟು: ಹಕ್ಕು ಹೇಳಿದವರು ಅದನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ, ಒಪ್ಪದವರು ಅದನ್ನು ಒಪ್ಪಿದಂತೆಯೂ ಆಗುವುದಿಲ್ಲ, ಒಪ್ಪಂದ ಜಾರಿಯಲ್ಲಿರುವಾಗ ಯಾರು ಅಲ್ಲಿ ಏನೇ ಮಾಡಿದರೂ ಅದು ಹಕ್ಕಿಗೆ ಆಧಾರವಾಗುವುದಿಲ್ಲ, ಹೊಸ ಹಕ್ಕನ್ನು ಯಾರೂ ಹೂಡುವಂತಿಲ್ಲ. ಜಗಳವನ್ನು ತೀರ್ಮಾನಿಸದೆಯೇ ಕೆಲಸ ನಡೆಯುವಂತೆ ಮಾಡಿದ ಈ ವಿಧಿಯನ್ನು ನಾನು ಇಪ್ಪತ್ತನೆಯ ಶತಮಾನದ ಅತ್ಯಂತ ಜಾಣ ಕಾನೂನು ಬರವಣಿಗೆಗಳಲ್ಲಿ ಒಂದೆಂದು ಭಾವಿಸುತ್ತೇನೆ.

ನಮ್ಮ ಕೇಂದ್ರಗಳನ್ನೇ ನೋಡಿ. 1989ರಿಂದ ಇರುವ ಮೈತ್ರಿ ಶಿರ್ಮಾಕರ್ ಓಯಸಿಸ್‌ನಲ್ಲಿದೆ. ಆ ಭಾಗ ಕ್ವೀನ್ ಮಾಡ್ ಲ್ಯಾಂಡಿಗೆ ಸೇರಿದ್ದು, ಅದು ತನ್ನದೆಂದು ನಾರ್ವೆ 1939ರಲ್ಲಿ ಘೋಷಿಸಿತ್ತು. 2012ರಿಂದ ನಡೆಯುತ್ತಿರುವ ಭಾರತಿ ಇರುವುದು ಆಸ್ಟ್ರೇಲಿಯಾ ತನ್ನದೆನ್ನುವ ಹೋಳಿನಲ್ಲಿ. ಅವೆರಡೂ ದೇಶಗಳ ಅನುಮತಿಯನ್ನು ಭಾರತ ಪಡೆಯಬೇಕಾಗಿರಲಿಲ್ಲ. ಈಗ ಉತ್ತರಕ್ಕೆ ಹೋಗಿ. ಸ್ವಾಲ್ಬಾರ್ಡ್ ದ್ವೀಪಸಮೂಹದ ನೀ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ 2008ರಿಂದ ನಮ್ಮ ಹಿಮಾದ್ರಿ ಕೇಂದ್ರ ಇದೆ. ಆ ಊರಿನ ಕಟ್ಟಡಗಳು ನಾರ್ವೆ ಸರ್ಕಾರದ ಕಂಪನಿಯದ್ದು, ನಾವು ಬಾಡಿಗೆದಾರರು. ಅಲ್ಲಿ ನಾರ್ವೆಯ ಕಾನೂನು, ನಾರ್ವೆಯ ಪರಿಸರ ನಿಯಮ, ನಾರ್ವೆಯ ಗವರ್ನರ್. ಅದೇ ನಾರ್ವೆ, ಅದೇ ಭಾರತ, ಅದೇ ಬಗೆಯ ಸಂಶೋಧನೆ. ಒಂದು ತುದಿಯಲ್ಲಿ ನಾರ್ವೆ ಮನೆಯೊಡೆಯ, ಇನ್ನೊಂದರಲ್ಲಿ ಸಹಸದಸ್ಯ. ಮೇಡಂ, ನಿಮ್ಮ ತರಗತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾಗಲಾರದು.

ಬೋಟು ಮಾಲೀಕ, ಮಲ್ಪೆ

ಓದಿ ಸಂತೋಷವಾಯಿತು. ನಮ್ಮಲ್ಲಿ ಜೂನ್ ಮತ್ತು ಜುಲೈ ತಿಂಗಳು, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ನಾವು ಬೋಟುಗಳನ್ನು ದಕ್ಕೆಯಲ್ಲಿ ಕಟ್ಟಿ ಕೂರುತ್ತೇವೆ. ಆದರೂ ಹೊರಗಿನಿಂದ ದೊಡ್ಡ ಬೋಟುಗಳು ಆಳಸಮುದ್ರಕ್ಕೆ ಬಂದು ಹೋಗುವುದನ್ನು ತಡೆಯುವುದು ಕಷ್ಟ. 12 ಮೈಲು ದಾಟಿದರೆ ರಾಜ್ಯದ ಅಧಿಕಾರ ಮುಗಿಯುತ್ತದೆ. ಆದ್ದರಿಂದ ನನ್ನ ಪ್ರಶ್ನೆ ನೇರವಾಗಿದೆ. ಕಾಗದದ ಮೇಲೆ ಒಪ್ಪಂದ ಏನೇ ಇರಲಿ, ಅಲ್ಲಿ ಒಂದು ಹಡಗು ಬಂದು ಬಲೆ ಹಾಕಿದರೆ ಅದನ್ನು ಹಿಡಿಯುವವರು ಯಾರು?

ಕಡಲ ಸಾಗಣೆ ಉದ್ಯೋಗಿ, ಟ್ರೋಮ್ಸೊ, ನಾರ್ವೆ

ಮಲ್ಪೆಯ ಅಣ್ಣನವರ ಪ್ರಶ್ನೆಗೆ ಇಲ್ಲಿಯೇ ನಡೆದ ಒಂದು ಮೊಕದ್ದಮೆ ಉತ್ತರ ಹೇಳುತ್ತದೆ. ನಾನಿರುವ ಊರಿನಲ್ಲಿ ಮೀನುಗಾರಿಕೆಯವರೆಲ್ಲ ವರ್ಷಗಟ್ಟಲೆ ಇದನ್ನೇ ಮಾತನಾಡಿದ್ದಾರೆ.

ಸ್ವಾಲ್ಬಾರ್ಡ್ ನಾರ್ವೆಯ ಕೈಗೆ ಬಂದದ್ದು 1920ರ ಒಪ್ಪಂದದಿಂದ. ಒಡೆತನ ನಾರ್ವೆಗೆ, ಆದರೆ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿ ಮೀನು ಹಿಡಿಯಲು, ಬೇಟೆಯಾಡಲು, ಗಣಿ ನಡೆಸಲು ಸಮಾನ ಅವಕಾಶ, ಯುದ್ಧದ ಉದ್ದೇಶಕ್ಕೆ ಬಳಕೆ ಇಲ್ಲ ಎಂಬುದು ಅದರ ಷರತ್ತು. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಭಾರತವೂ ಅಂದೇ ಅದರಲ್ಲಿ ಸೇರಿತ್ತು. 1920ರಲ್ಲಿ 200 ಮೈಲುಗಳ ಹಕ್ಕು ಎಂಬ ಕಲ್ಪನೆಯೇ ಇರಲಿಲ್ಲ. ಆದ್ದರಿಂದ ಒಪ್ಪಂದದಲ್ಲಿ ದ್ವೀಪಗಳು ಮತ್ತು ಅವುಗಳ ಪ್ರಾದೇಶಿಕ ನೀರು ಎಂದಷ್ಟೇ ಬರೆದಿದೆ.

ಬಾರೆಂಟ್ಸ್ ಸಮುದ್ರಕ್ಕೆ ಹಿಮ ಏಡಿ ಎಂಬ ಬೆಲೆಬಾಳುವ ಏಡಿ ಹರಡಿದ ಮೇಲೆ ಕಗ್ಗಂಟು ಶುರುವಾಯಿತು. 2017ರ ಜನವರಿಯಲ್ಲಿ ಲಾಟ್ವಿಯಾದ ಕಂಪನಿಯೊಂದರ ‘ಸೆನೇಟರ್’ ಎಂಬ ಹಡಗು ಸ್ವಾಲ್ಬಾರ್ಡ್ ಬಳಿಯ ಸಮುದ್ರತಳದಲ್ಲಿ ಬೋನು ಇಟ್ಟು ಈ ಏಡಿ ಹಿಡಿಯುತ್ತಿತ್ತು. ಅದರ ಬಳಿ ಲಾಟ್ವಿಯಾ ಕೊಟ್ಟ ಪರವಾನಗಿ ಇತ್ತು, ನಾರ್ವೆಯದ್ದು ಇರಲಿಲ್ಲ. ನಾರ್ವೆಯ ಕರಾವಳಿ ಕಾವಲು ಪಡೆ ಹಡಗನ್ನು ಹಿಡಿದು ದಡಕ್ಕೆ ತಂದಿತು. ಕಂಪನಿಯ ವಾದ ಏನೆಂದರೆ, 1920ರ ಸಮಾನ ಅವಕಾಶ ದ್ವೀಪಗಳ ಸುತ್ತಲಿನ ಸಮುದ್ರತಳಕ್ಕೂ ಚಾಚಿಕೊಳ್ಳುತ್ತದೆ. ಏಡಿ ಈಜುವ ಮೀನಿನಂತಲ್ಲ, ತಳಕ್ಕೆ ಅಂಟಿಕೊಂಡೇ ಓಡಾಡುವ ಜೀವಿ, ಆದ್ದರಿಂದ ಅದು ಸಮುದ್ರತಳದ ಸಂಪತ್ತು ಎಂದು ಮೊದಲು ತೀರ್ಮಾನವಾಯಿತು. ಕೊನೆಗೆ 2023ರ ಮಾರ್ಚ್‌ನಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್, ಸಮಾನ ಅವಕಾಶ 12 ನಾಟಿಕಲ್ ಮೈಲಿನ ಒಳಗೆ ಮಾತ್ರ, ಅದರಾಚೆ ನಾರ್ವೆ ಹೇಳಿದವರಿಗೆ ಮಾತ್ರ ಏಡಿ ಎಂದು ತೀರ್ಪು ಕೊಟ್ಟಿತು. ಇಲ್ಲಿ ಏಡಿ ಬರೀ ನೆಪ. ಇದೇ ತರ್ಕ ನಾಳೆ ಅದೇ ಸಮುದ್ರತಳದ ತೈಲಕ್ಕೂ ಅನ್ವಯಿಸುತ್ತದೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು. ಯುರೋಪಿನ ಇತರ ದೇಶಗಳೆಲ್ಲ ಈ ವ್ಯಾಖ್ಯಾನವನ್ನು ಒಪ್ಪಿಕೊಂಡಿವೆ ಎಂದು ಭಾವಿಸಬೇಡಿ.

ಅಂದರೆ ಉತ್ತರದಲ್ಲಿ ಹಿಡಿಯುವವರು ಇದ್ದಾರೆ. ಹಿಡಿಯುವವರೇ ನ್ಯಾಯಾಧೀಶರೂ ಆಗಿದ್ದಾರೆ ಎಂಬುದು ಅದರ ಇನ್ನೊಂದು ಮುಖ.

ಹವ್ಯಾಸಿ ಛಾಯಾಗ್ರಾಹಕ, ಶಿರಸಿ

ಕಾನೂನಿನ ಚರ್ಚೆಯ ನಡುವೆ ಪ್ರಾಣಿಗಳ ಬಗ್ಗೆ ಒಂದು ಮಾತು. ಉತ್ತರದಲ್ಲಿ ಮಂಜುಗಡ್ಡೆ ಕಡಿಮೆಯಾಗಿ ಹಿಮಕರಡಿಗಳು ಕಷ್ಟಪಡುತ್ತಿವೆ ಎಂದು ಓದುತ್ತೇವೆ. ದಕ್ಷಿಣದಲ್ಲಿ ಬೇಕಾದಷ್ಟು ಹಿಮ ಇದೆ, ಸೀಲ್‌ಗಳೂ ಇವೆ. ಎಲ್ಲ ದೇಶಗಳೂ ಒಪ್ಪಿ ಕೆಲವು ಕರಡಿಗಳನ್ನು ಅಲ್ಲಿಗೆ ಸಾಗಿಸಬಾರದೇಕೆ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮೈಸೂರು

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಅದು ದಕ್ಷಿಣದ ಜೀವಿಗಳಿಗೆ ದೊಡ್ಡ ಅನಾಹುತವಾಗುತ್ತದೆ. ನೆಲದ ರಚನೆಯೇ ಇದಕ್ಕೂ ಕಾರಣ. ಆರ್ಕ್ಟಿಕ್ ಸಮುದ್ರದ ಸುತ್ತ ಏಷ್ಯಾ, ಯುರೋಪ್, ಉತ್ತರ ಅಮೆರಿಕಗಳ ನೆಲ ಇರುವುದರಿಂದ ತೋಳ, ನರಿ, ಹಿಮಸಾರಂಗ, ಕರಡಿಗಳು ನಡೆದುಕೊಂಡೇ ಅಲ್ಲಿಗೆ ತಲುಪಿದವು. ಬೇಟೆಗಾರ ಪ್ರಾಣಿ ಇದ್ದಲ್ಲಿ ಬೇಟೆಗೆ ಸಿಗುವ ಪ್ರಾಣಿಯೂ ಹುಷಾರಾಗುತ್ತದೆ. ಉತ್ತರದ ರಿಂಗ್ಡ್ ಸೀಲ್ ತನ್ನ ಮರಿಯನ್ನು ಹಿಮದೊಳಗಿನ ಗೂಡಿನಲ್ಲಿ ಬಚ್ಚಿಡುತ್ತದೆ. ದಕ್ಷಿಣದ ವೆಡೆಲ್ ಸೀಲ್ ಬಯಲಿನಲ್ಲಿಯೇ ಮರಿ ಹಾಕಿ, ಮನುಷ್ಯ ಹತ್ತಿರ ಬಂದರೂ ಮಲಗಿಯೇ ಇರುತ್ತದೆ.

ಅಂಟಾರ್ಕ್ಟಿಕಾಕ್ಕೆ ಯಾವ ನೆಲದ ಸಸ್ತನಿಯೂ ದಾಟಿ ಬರಲಾಗಲಿಲ್ಲ. ಪೂರ್ತಿಯಾಗಿ ನೆಲದ ಮೇಲೆಯೇ ಬದುಕುವ ಅಲ್ಲಿನ ಅತಿ ದೊಡ್ಡ ಪ್ರಾಣಿ ಎಂದರೆ ಕೆಲವು ಮಿಲಿಮೀಟರು ಉದ್ದದ, ರೆಕ್ಕೆಯೇ ಇಲ್ಲದ ಒಂದು ನೊಣದಂಥ ಕೀಟ. ಹೂ ಬಿಡುವ ಸ್ಥಳೀಯ ಸಸ್ಯಗಳು ಎರಡೇ ಜಾತಿ. ಉಳಿದ ಬದುಕೆಲ್ಲ ಸಮುದ್ರಕ್ಕೆ ಜೋತುಬಿದ್ದಿದೆ. ಪೆಂಗ್ವಿನ್‌ಗೆ ನೀರಿನಲ್ಲಿ ಚಿರತೆ ಸೀಲ್‌ನ ಭಯ, ನೆಲದ ಮೇಲೆ ಸ್ಕೂವಾ ಹಕ್ಕಿ ಮೊಟ್ಟೆ ಕದಿಯುವ ಚಿಂತೆ, ಅಷ್ಟೇ. ನೆಲದ ಮೇಲೆ ನಾಲ್ಕು ಕಾಲಿನ ಶತ್ರುವನ್ನು ಕಂಡೇ ಇರದ ಆ ಗುಂಪಿನ ನಡುವೆ ಕರಡಿಯನ್ನು ಬಿಟ್ಟರೆ ಏನಾಗುತ್ತದೆ ಎಂದು ಊಹಿಸಿ.

ಇನ್ನೊಂದು ಮಾತು. ದಕ್ಷಿಣದ ಸಮುದ್ರದ ಮಂಜುಗಡ್ಡೆ ಚಳಿಗಾಲದಲ್ಲಿ ಬಹಳ ದೂರ ಹರಡುತ್ತದೆ, ಬೇಸಿಗೆಯಲ್ಲಿ ಹೆಚ್ಚಿನದೆಲ್ಲ ಕರಗುತ್ತದೆ. ಅದನ್ನು ತಡೆದು ನಿಲ್ಲಿಸಲು ಉತ್ತರದಲ್ಲಿರುವಂತೆ ಸುತ್ತ ನೆಲವಿಲ್ಲ. ಬಹುಕಾಲ ಅಲ್ಲಿನ ಹರವು ಕುಗ್ಗದೆ ಇದ್ದದ್ದು ನಿಜ, ಆದರೆ 2023ರಲ್ಲಿ ಅದು ಉಪಗ್ರಹ ದಾಖಲೆಗಳಲ್ಲಿಯೇ ಅತ್ಯಂತ ಕೆಳಮಟ್ಟಕ್ಕೆ ಇಳಿಯಿತು. ಆದ್ದರಿಂದ ಬೇಕಾದಷ್ಟು ಹಿಮ ಇದೆ ಎಂಬ ಮಾತು ನೆಲದ ಮೇಲಿನ ಹಿಮಕ್ಕೆ ಸರಿ, ಪ್ರಾಣಿಗಳು ನೆಚ್ಚಿಕೊಂಡ ಸಮುದ್ರದ ಮಂಜುಗಡ್ಡೆಗೆ ಸರಿಯಲ್ಲ.

ಕಾನೂನೂ ಇದನ್ನು ಬಿಡುವುದಿಲ್ಲ. ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಪರಿಸರ ರಕ್ಷಣೆಗಾಗಿ ಸೇರಿಸಿದ 1991ರ ಮ್ಯಾಡ್ರಿಡ್ ಪ್ರೋಟೋಕಾಲ್ ಪ್ರಕಾರ ಹೊರಗಿನ ಪ್ರಾಣಿಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ಸ್ಲೆಡ್ಜ್ ಎಳೆಯುವ ನಾಯಿಗಳನ್ನು ಸಹ 1994ರ ಏಪ್ರಿಲ್ ಒಳಗೆ ಖಂಡದಿಂದ ಹೊರಕ್ಕೆ ಕಳುಹಿಸಬೇಕಾಯಿತು, ಅವುಗಳಿಂದ ಸೀಲ್‌ಗಳಿಗೆ ರೋಗ ಹರಡಬಹುದೆಂಬ ಭಯ ಇತ್ತು. ಕರಡಿಗಳ ಬಗ್ಗೆ ಉತ್ತರದಲ್ಲಿಯೇ ಒಂದು ನಿಜವಾದ ಒಪ್ಪಂದವಿದೆ. 1973ರಲ್ಲಿ, ಶೀತಲ ಸಮರದ ನಡುವೆಯೇ, ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಉಳಿದ ಮೂರು ದೇಶಗಳು ಹಿಮಕರಡಿ ರಕ್ಷಣೆಗೆ ಸಹಿ ಹಾಕಿದವು. ಅದು ಬೇಟೆಯನ್ನು ಹತೋಟಿಗೆ ತಂದಿತು, ಮಂಜುಗಡ್ಡೆ ಕರಗುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಹವ್ಯಾಸಿ ಛಾಯಾಗ್ರಾಹಕ, ಶಿರಸಿ

ಮೇಡಂ, ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ವಂದನೆಗಳು. ಸೀಲ್ ಮರಿಯನ್ನು ಬಚ್ಚಿಡುವ ಮತ್ತು ಬಯಲಲ್ಲಿ ಬಿಡುವ ವ್ಯತ್ಯಾಸವನ್ನು ನಾನು ಎಲ್ಲಿಯೂ ಓದಿರಲಿಲ್ಲ.

ನಿವೃತ್ತ ಭೂವಿಜ್ಞಾನಿ, ಗೋವಾ

ಈಗ 2048. ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಮುಗಿಯುವ ದಿನವೇ ಇಲ್ಲ. ಗಣಿಗಾರಿಕೆಯನ್ನು ನಿಷೇಧಿಸುವುದು ಮ್ಯಾಡ್ರಿಡ್ ಪ್ರೋಟೋಕಾಲಿನ ಏಳನೆಯ ವಿಧಿ, ಅದಕ್ಕೂ ಅಂತಿಮ ದಿನ ಇಲ್ಲ. ಪ್ರೋಟೋಕಾಲ್ 1998ರ ಜನವರಿಯಲ್ಲಿ ಜಾರಿಗೆ ಬಂದಿತು. 50 ವರ್ಷ ಕಳೆದ ಮೇಲೆ, ಅಂದರೆ 2048ರಿಂದ, ಮತಾಧಿಕಾರ ಇರುವ ಯಾವುದೇ ದೇಶ ಮರುಪರಿಶೀಲನಾ ಸಭೆಯನ್ನು ಕೇಳಬಹುದು. ಕೇಳಿದ ಮಾತ್ರಕ್ಕೆ ನಿಷೇಧ ಬೀಳುವುದಿಲ್ಲ. ಪ್ರೋಟೋಕಾಲ್ ರೂಪುಗೊಂಡಾಗ ಮತಾಧಿಕಾರ ಹೊಂದಿದ್ದ 26 ದೇಶಗಳಲ್ಲಿ ಮುಕ್ಕಾಲು ಪಾಲು ಸಭೆಯಲ್ಲಿ ಒಪ್ಪಬೇಕು. ಬದಲಾವಣೆ ಜಾರಿಗೆ ಬರಬೇಕಾದರೆ ಆ 26 ದೇಶಗಳೂ ಅದನ್ನು ಅನುಮೋದಿಸಬೇಕು. ಅದಲ್ಲದೆ ಗಣಿಗಾರಿಕೆಯನ್ನು ನಿಯಂತ್ರಿಸುವ ಬೇರೊಂದು ಕಡ್ಡಾಯ ಕಾನೂನು ಮೊದಲೇ ಜಾರಿಯಲ್ಲಿರಬೇಕು. ಭಾರತ 1983ರಿಂದ ಮತಾಧಿಕಾರ ಪಡೆದ ದೇಶ, ಆ 26ರಲ್ಲಿ ಒಂದು. ಅಂದರೆ ನಿಷೇಧವನ್ನು ತೆಗೆಯುವುದನ್ನು ತಡೆಯುವ ಶಕ್ತಿ ನಮಗೂ ಇದೆ. ಪರೀಕ್ಷೆಯಲ್ಲಿ 2048 ಎಂದು ಬರೆಯುವಾಗ ಇಷ್ಟನ್ನೂ ಬರೆಯಿರಿ.

ಹಾಗೆಂದು ದಕ್ಷಿಣದಲ್ಲಿ ಎಲ್ಲವೂ ಸುಭದ್ರ ಎಂದು ಹೇಳಲಾರೆ. ಗಣಿಗಿಂತ ಮೊದಲು ತೊಂದರೆ ಬಂದಿರುವುದು ಸಮುದ್ರದಲ್ಲಿ. ಮೀನು ಮತ್ತು ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಯನ್ನು ನೋಡಿಕೊಳ್ಳಲು 1982ರಲ್ಲಿ ಜಾರಿಗೆ ಬಂದ ಪ್ರತ್ಯೇಕ ಒಡಂಬಡಿಕೆ ಇದೆ, ಅದರ ಆಯೋಗ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಪ್ರತಿ ವರ್ಷ ಸೇರುತ್ತದೆ. ಎಲ್ಲರ ಒಮ್ಮತ ಇಲ್ಲದೆ ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ. 2016ರಲ್ಲಿ ರಾಸ್ ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಿದರು. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಪ್ರಸ್ತಾವಗಳು ಚೀನಾ ಮತ್ತು ರಷ್ಯಾ ಒಪ್ಪದ ಕಾರಣ ವರ್ಷಗಳಿಂದ ನಿಂತಿವೆ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಸುತ್ತ ಕ್ರಿಲ್ ಹಿಡಿಯುವುದನ್ನು ಬೇರೆ ಬೇರೆ ವಲಯಗಳಿಗೆ ಹಂಚುವ ನಿಯಮ 2024ರಲ್ಲಿ ಒಮ್ಮತ ಸಿಗದೆ ಬಿದ್ದುಹೋಯಿತು. ಒಟ್ಟು 6.2 ಲಕ್ಷ ಟನ್ನಿನ ಮಿತಿ ಉಳಿದಿದೆ, ಆದರೆ ಅಷ್ಟನ್ನೂ ಪೆಂಗ್ವಿನ್ ವಸಾಹತುಗಳ ಎದುರಿನ ಒಂದೇ ಕಡೆ ಹಿಡಿದರೂ ತಡೆಯುವ ನಿಯಮ ಈಗ ಇಲ್ಲ.

ಕಡಲ ಸಾಗಣೆ ಉದ್ಯೋಗಿ, ಟ್ರೋಮ್ಸೊ, ನಾರ್ವೆ

ಸರ್, ಇಲ್ಲಿಯೇ ನಾನು ನಿಮ್ಮಿಂದ ಬೇರೆಯಾಗಿ ಯೋಚಿಸುತ್ತೇನೆ. ಒಡೆಯನಿರುವ ಬಾರೆಂಟ್ಸ್ ಸಮುದ್ರದಲ್ಲಿ ನಾರ್ವೆ ಮತ್ತು ರಷ್ಯಾ ದಶಕಗಳಿಂದ ಕಾಡ್ ಮೀನಿನ ಕೋಟಾ ಹಂಚಿಕೊಂಡು ಬಂದಿವೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಉಳಿದ ಏಳು ದೇಶಗಳು ಆರ್ಕ್ಟಿಕ್ ಕೌನ್ಸಿಲಿನ ಸಭೆಗಳನ್ನು ನಿಲ್ಲಿಸಿದವು, ಮೀನಿನ ಕೋಟಾ ಮಾತುಕತೆ ಮಾತ್ರ ನಿಲ್ಲಲಿಲ್ಲ. ಯಾರದ್ದೂ ಅಲ್ಲದ ದಕ್ಷಿಣದಲ್ಲಿ ಒಂದೇ ಒಂದು ದೇಶ ಕೈ ಎತ್ತದಿದ್ದರೆ ಕ್ರಿಲ್ ನಿಯಮವೇ ಬೀಳುತ್ತದೆ. ಎಲ್ಲರಿಗೂ ಸೇರಿದ್ದನ್ನು ಕಾಯುವುದಕ್ಕಿಂತ ತನ್ನದನ್ನು ಕಾಯುವುದು ದೇಶಗಳಿಗೆ ಸುಲಭ.

ನಿವೃತ್ತ ಭೂವಿಜ್ಞಾನಿ, ಗೋವಾ

ಮೀನಿನ ಮಟ್ಟಿಗೆ ನಿಮ್ಮ ವಾದದಲ್ಲಿ ಸತ್ವವಿದೆ. ಆದರೆ ಅದೇ ಒಡೆತನದಿಂದಲೇ ರಷ್ಯಾ ಆರ್ಕ್ಟಿಕ್ ದಡದಲ್ಲಿ ಸೇನಾನೆಲೆಗಳನ್ನು ಕಟ್ಟಿದೆ, ತೈಲ ಮತ್ತು ಅನಿಲ ತೆಗೆಯುತ್ತಿದೆ. ದಕ್ಷಿಣದಲ್ಲಿ ಮತಾಧಿಕಾರ ಇರುವ ಯಾವ ದೇಶದ ವೀಕ್ಷಕರಾದರೂ ಯಾವ ದೇಶದ ಕೇಂದ್ರಕ್ಕಾದರೂ ಹೋಗಿ ಬಾಗಿಲು ತೆರೆಸಿ ತಪಾಸಣೆ ಮಾಡಬಹುದು. ಶೀತಲ ಸಮರದ ನಡುವೆಯೂ ಅಮೆರಿಕದವರು ಸೋವಿಯತ್ ಕೇಂದ್ರಗಳನ್ನು ತಪಾಸಣೆ ಮಾಡಿದ್ದಾರೆ. ಉತ್ತರದಲ್ಲಿ ಅದನ್ನು ಕಲ್ಪಿಸಿಕೊಳ್ಳಲೂ ಸಾಧ್ಯವಿಲ್ಲ. ನನ್ನ ಮನಸ್ಸು ಈಗಲೂ ದಕ್ಷಿಣದ ವ್ಯವಸ್ಥೆಯ ಕಡೆಗೇ ಇದೆ.

ಬೋಟು ಮಾಲೀಕ, ಮಲ್ಪೆ

ಇಬ್ಬರ ಮಾತೂ ಕೇಳಿದೆ. ಆದರೆ ಉತ್ತರದಲ್ಲಿ ಐದು ದೇಶಗಳ 200 ಮೈಲು ಮುಗಿದ ಮೇಲೆ ನಡುವೆ ಉಳಿಯುವ ನೀರು ಯಾರದ್ದು? ಮಂಜುಗಡ್ಡೆ ಕರಗಿದರೆ ಅಲ್ಲಿಗೂ ಟ್ರಾಲರ್‌ಗಳು ಹೋಗುವುದಿಲ್ಲವೇ?

ಕಡಲ ಸಾಗಣೆ ಉದ್ಯೋಗಿ, ಟ್ರೋಮ್ಸೊ, ನಾರ್ವೆ

ಅಣ್ಣ, ನೀವು ಕೇಳಿದ ಜಾಗವೇ ಉತ್ತರದಲ್ಲಿ ದಕ್ಷಿಣಕ್ಕೆ ಅತಿ ಹತ್ತಿರದ ಒಪ್ಪಂದ ಇರುವ ಜಾಗ. ಧ್ರುವದ ಸುತ್ತ ಸುಮಾರು 28 ಲಕ್ಷ ಚದರ ಕಿಲೋಮೀಟರು ನೀರು ಯಾರ ವಲಯಕ್ಕೂ ಸೇರುವುದಿಲ್ಲ. ಅಲ್ಲಿ ವಾಣಿಜ್ಯ ಮೀನುಗಾರಿಕೆ ಇನ್ನೂ ಶುರುವಾಗಿಯೇ ಇಲ್ಲ. ಶುರುವಾಗುವ ಮೊದಲೇ 2018ರಲ್ಲಿ ಐದು ದಡದ ದೇಶಗಳ ಜೊತೆ ಐಸ್‌ಲ್ಯಾಂಡ್, ಯುರೋಪಿಯನ್ ಒಕ್ಕೂಟ, ಚೀನಾ, ಜಪಾನ್, ದಕ್ಷಿಣ ಕೊರಿಯಾ ಸೇರಿ, ಅಲ್ಲಿ ಎಷ್ಟು ಮೀನು ಇದೆ ಎಂದು ವಿಜ್ಞಾನಿಗಳು ತಿಳಿಯುವವರೆಗೆ ಬಲೆ ಹಾಕುವುದಿಲ್ಲ ಎಂದು ಒಪ್ಪಿಕೊಂಡವು. 2021ರ ಜೂನ್‌ನಲ್ಲಿ ಜಾರಿಗೆ ಬಂದ ಈ ಒಪ್ಪಂದದ ಮೊದಲ ಅವಧಿ 16 ವರ್ಷ. ಆಮೇಲೆ ಯಾರೂ ಆಕ್ಷೇಪಿಸದಿದ್ದರೆ ಐದೈದು ವರ್ಷ ಮುಂದುವರಿಯುತ್ತದೆ. ಅಂದರೆ 2037ರಲ್ಲಿ ಒಂದೇ ದೇಶ ಬೇಡವೆಂದರೂ ಅದು ಮುಂದುವರಿಯುವುದಿಲ್ಲ. ಭಾರತ ಇದಕ್ಕೆ ಸಹಿ ಹಾಕಿದ ಹತ್ತರಲ್ಲಿ ಇಲ್ಲ.

ಸಮಾಜ ವಿಜ್ಞಾನ ಶಿಕ್ಷಕಿ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಮೈತ್ರಿ ಮತ್ತು ಹಿಮಾದ್ರಿಯ ಉದಾಹರಣೆಯನ್ನು ನಾಳೆಯೇ ಮಕ್ಕಳಿಗೆ ಹೇಳುತ್ತೇನೆ. ಆದರೆ ಅವರು ಮತ್ತೆ ಕೇಳುವ ಪ್ರಶ್ನೆ ನನಗೆ ಈಗಲೇ ಕಾಣುತ್ತಿದೆ: ಆ ನಡುವಿನ ನೀರಿನ ಕೆಳಗಿನ ಸಮುದ್ರತಳವನ್ನು ರಷ್ಯಾ, ಡೆನ್ಮಾರ್ಕ್, ಕೆನಡಾ ಮೂರೂ ತಮ್ಮದೆನ್ನುತ್ತಿವೆ. ವಿಶ್ವಸಂಸ್ಥೆಯ ಆಯೋಗ ಹೇಳಿದ ಮೇಲೂ ಅವು ಒಪ್ಪದಿದ್ದರೆ ಗೆರೆ ಎಳೆಯುವವರು ಯಾರು?

ನಿವೃತ್ತ ಭೂವಿಜ್ಞಾನಿ, ಗೋವಾ

ಆಯೋಗ ಗೆರೆ ಎಳೆಯುವುದೇ ಇಲ್ಲ, ಮೇಡಂ. ಯಾವ ದೇಶದ ಭೂಖಂಡ ಸಮುದ್ರದೊಳಗೆ ಎಲ್ಲಿಯವರೆಗೆ ಚಾಚಿದೆ ಎಂಬ ವಿಜ್ಞಾನವನ್ನು ಮಾತ್ರ ಅದು ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಒಂದೇ ಬೆಟ್ಟಸಾಲು ಎರಡು ಖಂಡಗಳಿಗೂ ಅಂಟಿಕೊಂಡಿದೆ ಎಂದಾದರೆ ಮೂವರ ದಾಖಲೆಯೂ ಸರಿಯಾಗಿರಬಹುದು. ಹಂಚಿಕೆ ಆ ದೇಶಗಳೇ ಕೂತು ಮಾಡಿಕೊಳ್ಳಬೇಕಾದ ಕೆಲಸ. ಬಾರೆಂಟ್ಸ್ ಸಮುದ್ರದಲ್ಲಿ ನಾರ್ವೆ ಮತ್ತು ರಷ್ಯಾ ಅಂಥದೇ ಗೆರೆಯೊಂದನ್ನು ಸುಮಾರು 40 ವರ್ಷಗಳ ಮಾತುಕತೆಯ ನಂತರ 2010ರಲ್ಲಿ ಎಳೆದವು.